ಅಂಬಲಿಯಂತೆ ಕಾಸಿದ ಕೋಕೋ

೧೯೪೪ರ ಕಾರ್ತಿಕ ಮಾಸ, ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹಾನಗಲ್ಲಿನ ದವಾಖಾನೆಯಲ್ಲಿ ಇದ್ದವರು ನಾಲ್ವರು: ಡಾಕ್ಟರು, ನರ್ಸಾಗಿದ್ದ ನಾನು, ಎಡಗೈ ಮುರಿದ ಒಬ್ಬ ಹೆಣ್ಣುಮಗಳು, ಆ ಕೈ ಮುರಿದ ಅವಳ ಗಂಡ. ಅವಳನ್ನು ಅಂದು ಗಂಡನ ಜೊತೆ ಗಾಡಿ ಹತ್ತಿಸಿ ಕಳಿಸಬೇಕೋ ಬೇಡವೋ ಎಂಬುದು ತೀರ್ಮಾನವಾಗಬೇಕಿತ್ತು. ಕಳಿಸಬಹುದು ಎಂದು ಡಾಕ್ಟರು ಹಿಂದಿನ ದಿನವೇ ಹೇಳಿದ್ದರು. ನಾನೂ ಒಪ್ಪಿದ್ದೆ.

ಇಬ್ಬರೂ ಹನ್ನೊಂದು ದಿನ ಮೊದಲು ಒಂದೇ ಗಾಡಿಯಲ್ಲಿ ಬಂದಿದ್ದರು. ಗಂಡ ಬಾರುಕೋಲಿನ ಹಿಡಿಯಿಂದ ಹೊಡೆದಾಗ ಅವಳು ತಲೆಗೆ ಕೈ ಅಡ್ಡ ಹಿಡಿದಿದ್ದಳು. ಮೊಣಕೈ ಕೆಳಗಿನ ಎರಡೂ ಎಲುಬು ಮುರಿದಿದ್ದವು. ಕೆಳದುಟಿ ಹರಿದಿತ್ತು, ನೆತ್ತಿಯ ಮೇಲೆ ಕೂದಲು ಕಿತ್ತು ರೂಪಾಯಿಯಗಲ ಚರ್ಮ ಕಾಣುತ್ತಿತ್ತು. ಹೊಡೆದು ಮುಗಿಸಿದ ಮೇಲೆ ಅವನಿಗೇ ಎದೆ ಡವಡವ ಹೊಡೆದು, ತಲೆ ಸಿಡಿದು, ಗಾಡಿಯ ಮುಂಭಾಗದಲ್ಲಿ ಅವನು ಮಲಗಿದ್ದ. ಅವಳು ಹಿಂದೆ ಕೂತು ಮುರಿದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಡಾಕ್ಟರು ಮೊದಲು ಅವಳ ಎಲುಬು ಕೂಡಿಸಿ ಪಟ್ಟಿ ಕಟ್ಟಿದರು. ಆಮೇಲೆ ಅವನ ರಕ್ತದ ಒತ್ತಡ ನೋಡಿದರು. ಪಾದರಸ ನೂರಾ ತೊಂಬತ್ತಕ್ಕೆ ಏರಿತ್ತು.

ದಾಖಲಾದವರಿಗೆ ಊಟ, ನಿದ್ದೆ, ಮೂತ್ರ ಈ ಮೂರರ ಬಗ್ಗೆ ಪ್ರಶ್ನೆ ಕೇಳುವುದು ನನ್ನ ಪದ್ಧತಿ. ಗಂಡನಿಗೆ ದಸರೆಯಿಂದ ನಿದ್ದೆಯಿಲ್ಲ, ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾನೆ ಎಂದು ಅವಳು ಹೇಳಿದಳು.

"ಮಲಗೂ ಮುಂದ ಏನ ಕುಡೀತಾರ ತಂಗಿ?"

"ಕೋಕೋರಿ ಅಕ್ಕಾರ. ಲಷ್ಕರದ್ದು."

ಅವನು ಲಷ್ಕರದ ಕ್ಯಾಂಪಿಗೆ ಹುಲ್ಲು ಒದಗಿಸುವ ಕಂತ್ರಾಟುದಾರ. ಅಲ್ಲಿನ ಸಾಹೇಬನೊಬ್ಬ ದಸರೆಗೆ ನಾಲ್ಕು ಡಬ್ಬಿ ಕೋಕೋ ಕೊಟ್ಟು, ಮಲಗುವ ಮುಂಚೆ ಬಿಸಿ ಹಾಲಲ್ಲಿ ಕುಡಿದರೆ ನಿದ್ದೆ ಬರುತ್ತದೆ ಅಂದಿದ್ದನಂತೆ.

"ಎಷ್ಟು ಹಾಕ್ತಿ?"

ಅವಳು ಬಲಗೈ ಮುಷ್ಟಿ ಮಾಡಿ ತೋರಿಸಿದಳು. "ಇಷ್ಟರಿ. ಅಂಬಲಿಗೆ ಹಿಟ್ಟು ಹಾಕಿದಂಗ. ಕುದಿಯೂ ಹಾಲಾಗ ಹಾಕಿ, ಗಟ್ಟಿ ಆಗೂತನಕ ತಿರುವತೇನಿ. ಕಹಿ ಆಕ್ಕೇತಿ ಅಂತ ಒಂದು ಹೆಂಟಿ ಬೆಲ್ಲ."

ನಮ್ಮ ಕಡೆ ಹಾಲಿಗೋ ಮಜ್ಜಿಗೆಗೋ ಬೀಳುವ ಪುಡಿಯೆಲ್ಲ ಹಿಟ್ಟೇ. ಜೋಳದ ಹಿಟ್ಟು, ರಾಗಿ ಹಿಟ್ಟು, ಹಾಗೆಯೇ ಕೋಕೋ. ಚಿಕ್ಕ ಚಮಚೆ ಒಂದು ಸಾಕಾಗುವಲ್ಲಿ ಏಳೆಂಟರಷ್ಟು ಬೀಳುತ್ತಿತ್ತು. ಬೆಲ್ಲವಿಲ್ಲದಿದ್ದರೆ ಅಷ್ಟು ಕಹಿ ಯಾರ ಗಂಟಲಲ್ಲೂ ಇಳಿಯುತ್ತಿರಲಿಲ್ಲ.

ಡಾಕ್ಟರಿಗೆ ಹೇಳಿದೆ. ಕೋಕೋದಲ್ಲಿ ಥಿಯೋಬ್ರೋಮಿನ್ ಎಂಬ ಸತ್ವವಿದೆ, ಮೈಯಲ್ಲಿ ನೀರು ತುಂಬಿದವರಿಗೆ ಮೂತ್ರ ಇಳಿಸಲು ಅದನ್ನು ಔಷಧಿಯಾಗಿ ಕೊಡುತ್ತೇವೆ, ಹೆಚ್ಚಾದರೆ ಎದೆಬಡಿತ ಏರಿಸುತ್ತದೆ, ಚಹಾದಲ್ಲಿರುವಂಥ ಕೆಫೀನೂ ಸ್ವಲ್ಪ ಸೇರಿ ನಿದ್ದೆ ಕೆಡಿಸುತ್ತದೆ ಎಂದು ಅವರು ವಿವರಿಸಿದರು. ಸಂಜೆ ಕುಡಿದದ್ದು ಬೆಳಗಿನವರೆಗೂ ಮೈಯಲ್ಲಿ ಉಳಿದಿರುತ್ತದೆ. ಕೋಕೋದಲ್ಲಿ ಫ್ಲ್ಯಾವನಾಲ್ ಎಂಬ ಇನ್ನೊಂದು ವಸ್ತುವಿದೆ, ಅದು ರಕ್ತನಾಳ ಸಡಿಲಿಸಿ ಒತ್ತಡವನ್ನು ತುಸು ಇಳಿಸಬಲ್ಲದು ಎಂದು ನಾನು ಓದಿದ್ದು ಮುದುಕಿಯಾದ ಮೇಲೆ. ಆದರೆ ಆ ಡಬ್ಬಿಯದು ಕ್ಷಾರ ಬೆರೆಸಿ ಕಪ್ಪಾಗಿಸಿದ ಪುಡಿ. ಅದರಲ್ಲಿ ಆ ಗುಣ ಹೆಚ್ಚು ಉಳಿದಿರಲಾರದು.

"ಇವನ ಸಿಟ್ಟಿನ ಮೂಲ ಸಿಕ್ಕಿತು ನೋಡ್ರಿ," ಎಂದರು ಡಾಕ್ಟರು.

ಆ ಮಾತು ಗಂಡನಿಗೆ ಬಹಳ ಹಿಡಿಸಿತು. ನೋಡಲು ಬಂದವರಿಗೆಲ್ಲ ಹೇಳತೊಡಗಿದ. "ನಾ ಅಂಥಾ ಮನಷ್ಯಾ ಅಲ್ಲರಿ. ಆ ಕೋಕೋ ನನ್ನ ಕೈಲಿಂದ ಮಾಡಿಸ್ತು."

ಹನ್ನೊಂದು ದಿನ ಕೋಕೋ ಬಂದ್. ಉಪ್ಪು ಕಡಿಮೆ, ಹಾಸಿಗೆಯಲ್ಲಿ ವಿಶ್ರಾಂತಿ. ಮೂರನೆಯ ದಿನದಿಂದ ಅವನು ಒಂಬತ್ತಕ್ಕೆ ಮಲಗಿ ಐದಕ್ಕೆ ಏಳತೊಡಗಿದ. ಆ ಸೋಮವಾರ ಒತ್ತಡ ನೂರಾ ಐವತ್ತೆಂಟು. ಇದರಲ್ಲಿ ಕೋಕೋ ಬಿಟ್ಟದ್ದರ ಪಾಲೆಷ್ಟು, ವಿಶ್ರಾಂತಿಯದೆಷ್ಟು ಎಂದು ಹೇಳಲಾರೆ. ಆದರೆ ಅವನಿಗೆ ನಿದ್ದೆಯಾಗಿತ್ತು, ನಾಡಿ ಶಾಂತವಾಗಿತ್ತು, ತಲೆನೋವಿರಲಿಲ್ಲ.

ಎಂಟೂವರೆಗೆ, ಅವರು ಜೊತೆಗೆ ತಂದಿದ್ದ ಡಬ್ಬಿಯಿಂದಲೇ, ಅವಳಿಗೆ ಹಿತ್ತಲ ಒಲೆಯ ಮೇಲೆ ಕೋಕೋ ಮಾಡಲು ಕಲಿಸಿದೆ. ಮನೆಯಲ್ಲಿ ಇನ್ನೂ ಎರಡು ಡಬ್ಬಿ ಇದ್ದವು, ಅವನು ಬಿಡುವವನಲ್ಲ. ಚಿಕ್ಕ ಚಮಚೆಯಲ್ಲಿ ಒಂದೇ, ಅದೂ ಬೆರಳಿಂದ ಸವರಿ ಸಮ ಮಾಡಿದ್ದು. ಸಕ್ಕರೆ ಅರ್ಧ ಚಮಚೆ. ಬೆಳಿಗ್ಗೆ ಮಾತ್ರ, ಸಂಜೆ ಮುಟ್ಟಬಾರದು. ಅವಳು ಎರಡು ಸಲ ಬಾಯಿಪಾಠ ಒಪ್ಪಿಸಿ, ಒಂದೇ ಕೈಯಲ್ಲಿ ಲೋಟ ಹಿಡಿದು ಪಡಸಾಲೆಗೆ ಒಯ್ದಳು. ಹಾಲಿನ ಪಾತ್ರೆ ಇಳಿಸಿದ ಇಕ್ಕಳವನ್ನು ಕೈಯಲ್ಲಿ ಹಿಡಿದೇ ನಾನು ಹಿಂದೆ ಹೋದೆ.

ಅವನು ಒಂದು ಗುಟುಕು ಬಾಯಿಗೆ ಹಾಕಿ ನೆಲಕ್ಕೆ ಉಗುಳಿದ.

"ಏನಿದು, ಕಲಗಚ್ಚ?"

"ಅಕ್ಕಾರು ಹೇಳಿದ ಲೆಕ್ಕರಿ."

"ನನಗ ಲೆಕ್ಕಾ ಹೇಳಾಕ ಬಂದಿ?"

ಲೋಟದ ಹಾಲನ್ನು ಅವಳ ಮುಖಕ್ಕೆ ಎರಚಿದ. ಅವಳು ತಿರುಗಿಕೊಂಡದ್ದರಿಂದ ಕುತ್ತಿಗೆಗೆ, ಹೆಗಲಿಗೆ ಬಿತ್ತು. ಅವಳು ಕೂಗುವ ಮೊದಲೇ ಕಪಾಳಕ್ಕೆ ಹೊಡೆದ. ಎರಡನೆಯ ಏಟಿಗೆ ಅವಳು ಕಂಬಕ್ಕೆ ಬಡಿದು ಬಿದ್ದಳು. ಆಮೇಲೆ ಅವನು ಪಟ್ಟಿ ಕಟ್ಟಿದ ಕೈಯನ್ನೇ ಹುಡುಕಿ ಹಿಡಿದು, ಹಸಿ ಟೊಂಗೆ ಮುರಿಯುವವನಂತೆ ತಿರುವಿದ. ಒಳಗಿನ ಸದ್ದು ನನಗೆ ಕೇಳಿಸಿತು.

ನಾನು ಇಕ್ಕಳದಿಂದ ಅವನ ಮಣಿಕಟ್ಟಿಗೆ ಹೊಡೆದೆ. ಬಿಡಲಿಲ್ಲ. ಮತ್ತೆ ಹೊಡೆದೆ, ಕೈ ಬಿಟ್ಟ. ಡಾಕ್ಟರು ಓಡಿ ಬಂದು ಹಿಂದಿನಿಂದ ತಬ್ಬಿ ಹಿಡಿದರೆ ಅವರ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿದ. ಇಬ್ಬರೂ ಸೇರಿ ಅವನನ್ನು ಗೋಡೆಗೆ ಒತ್ತಿ, ಪಟ್ಟಿಬಟ್ಟೆಯಿಂದ ಕೈ ಕಟ್ಟಿದೆವು.

ಅವನ ಉಸಿರು ತಹಬಂದಿಗೆ ಬಂತು. ಸಣ್ಣ ದನಿಯಲ್ಲಿ ಅಂದ: "ಮತ್ತ ಆ ಕೋಕೋನ ಮಾಡಿಸ್ತರಿ, ಸಾಹೇಬ್ರ."

ಡಾಕ್ಟರು ಬೆರಳನ್ನು ಬಟ್ಟೆಗೆ ಒತ್ತಿ ಹಿಡಿದಿದ್ದರು. "ಒಂದು ಗುಟುಕೂ ನಿನ್ನ ಹೊಟ್ಟಿಗೆ ಇಳದಿಲ್ಲ. ನೆಲದ ಮ್ಯಾಲೆ ಐತಿ ನೋಡು."

ಅವಳ ಕುತ್ತಿಗೆಗೆ ತಣ್ಣೀರು ಸುರಿಯುತ್ತ, ಹನ್ನೊಂದು ದಿನ ಕೇಳದೆ ಬಿಟ್ಟಿದ್ದ ಪ್ರಶ್ನೆ ಕೇಳಿದೆ. ಅವನ ನಾಡಿ, ಒತ್ತಡ, ಮೂತ್ರ, ನಿದ್ದೆ ಎಲ್ಲವನ್ನೂ ಹೊತ್ತುಹೊತ್ತಿಗೆ ಬರೆದಿಟ್ಟಿದ್ದೆ, ಇದೊಂದು ಹೊಳೆದಿರಲಿಲ್ಲ.

"ಕೋಕೋ ಬರೂಕಿಂತ ಮೊದಲ ಹೊಡೀತಿದ್ದರೇನು?"

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. "ಮದವಿ ಆದ ವರ್ಷದಿಂದ್ರಿ ಅಕ್ಕಾರ. ಒಂಬತ್ತು ವರ್ಷ ಆತು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ."

ಡಾಕ್ಟರು ಕೇಳಿಸಿಕೊಂಡರು. ಬಿಡುಗಡೆಯ ಕಾಗದ ಹರಿದರು, ಫೌಜದಾರರಿಗೆ ಚೀಟಿ ಬರೆದು, ಅವರಿಬ್ಬರನ್ನು ಕರೆದೊಯ್ಯಲು ಬಂದಿದ್ದ ಗಾಡಿಯವನ ಕೈಯಲ್ಲಿ ಕಳಿಸಿದರು. ಹನ್ನೊಂದಕ್ಕೆ ಇಬ್ಬರು ಪೊಲೀಸರು ಬಂದು ಗಂಡನನ್ನು ಕರೆದೊಯ್ದರು. ಹೊರಡುವಾಗ ಅವನು, "ಗಾಡಿ ನಿಂತೈತಿ, ಇಕಿ ಊರಿಗೆ ಹೋಗಲಿ, ದನಾ ನೋಡವ್ರು ಯಾರಿಲ್ಲ," ಎಂದ.

"ನಾ ಹತ್ತೂದಿಲ್ಲ," ಎಂದಳು ಅವಳು. ಅವನೆದುರು ಅವಳು 'ರಿ' ಬಿಟ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಎಲುಬು ಮತ್ತೆ ಸರಿದಿತ್ತು. ಕ್ಲೋರೋಫಾರ್ಮ್ ಕೊಟ್ಟು, ಡಾಕ್ಟರು ಗಾಯದ ಹೆಬ್ಬೆರಳಿನಲ್ಲೇ ಕೂಡಿಸಿದರು. ನಾನು ಕೈ ಎಳೆದು ಹಿಡಿದೆ. ಸುಟ್ಟ ಜಾಗಕ್ಕೆ ವ್ಯಾಸಲೀನ್ ಬಟ್ಟೆ ಹಾಕಿದೆ. ಎಚ್ಚರವಾದ ಮೇಲೆ ಅವಳು ಹೇಳಿದಂತೆ ಬಂಕಾಪುರದಲ್ಲಿರುವ ಅವಳ ಅಣ್ಣನಿಗೆ ಕಾಗದ ಬರೆದೆ: ಬಂದು ಕರೆದುಕೊಂಡು ಹೋಗಬೇಕು, ಕೈ ಕೂಡಲು ಒಂದೂವರೆ ತಿಂಗಳು ಬೇಕು, ಆಮೇಲೂ ಗಂಡನ ಮನೆಗೆ ಕಳಿಸಬಾರದು. ಕೊನೆಯ ಮಾತನ್ನು ಅವಳು ಎರಡು ಸಲ ಓದಿಸಿಕೊಂಡಳು. ಸಂಜೆ ಐದರ ಮೋಟಾರಿನ ಡ್ರೈವರನಿಗೆ ಕಾಗದ ಕೊಟ್ಟು, ಅವನು ಅದನ್ನು ಟೊಪ್ಪಿಗೆಯೊಳಗೆ ಇಟ್ಟುಕೊಳ್ಳುವವರೆಗೂ ನಿಂತು ನೋಡಿ, ದವಾಖಾನೆಗೆ ಮರಳಿ ಬಂದು ಪಡಸಾಲೆಯ ನೆಲವನ್ನು ಫಿನಾಯಿಲು ಹಾಕಿ ತೊಳೆದೆ.