ಅಜ್ಜಿಯ ಹಾಡಿನ ಮೂರು ಸುತ್ತು

ಸಂಗೀತಕ್ಕೆ ಏಕಾಂತ, ಶ್ರುತಿ, ಗುರುಕೃಪೆ ಮೂರೂ ಬೇಕೆಂದು ಬಲ್ಲವರು ಹೇಳುತ್ತಾರೆ. ನಮ್ಮ ಅಜ್ಜಿಗೆ ಜೋಳದ ಹಿಟ್ಟು ಸಾಕಾಗುತ್ತಿತ್ತು. ಮಣಿಕಟ್ಟಿನವರೆಗೆ ಹಿಟ್ಟು ಮೆತ್ತಿದ ಬಲಗೈ ರೊಟ್ಟಿ ಬಡಿಯತೊಡಗಿತೆಂದರೆ ಮುಚ್ಚಿದ ತುಟಿಯೊಳಗಿಂದ ಒಂದು ಧಾಟಿ ಹೊರಡುತ್ತಿತ್ತು. ನಡುವೆ ಒಂದೇ ತುಣುಕು ಮೂರು ಸಲ ಬರುತ್ತಿತ್ತು. ಆಮೇಲೆ ಧಾಟಿ ಒಮ್ಮೆಲೇ ಮುಂದಕ್ಕೆ ಜಿಗಿಯುತ್ತಿತ್ತು.

"ಯಾವ ಹಾಡಬೇ ಇದು?"

"ಸಿನಿಮಾದ್ದು. ಬೇವೂರಿಗೆ ಟೆಂಟ್ ಬಂದಿತ್ತಲ್ಲ, ಆವಾಗಿಂದು."

ಸಿನಿಮಾ ಅವಳು ನೋಡಿರಲಿಲ್ಲ. ಹೊಸ ಸೊಸೆಯನ್ನು ಟೆಂಟಿಗೆ ಕಳಿಸುವಷ್ಟು ಸುಧಾರಿಸಿದ ಮನೆತನ ನಮ್ಮದಲ್ಲ. ಆಟಕ್ಕೆ ಮೊದಲು ಟೆಂಟಿನ ಹಾರ್ನಿನಲ್ಲಿ ಹಚ್ಚುತ್ತಿದ್ದ ಗ್ರಾಮಫೋನ್ ಪ್ಲೇಟಿನ ಹಾಡು ಮಾತ್ರ ಯಾರ ಅಪ್ಪಣೆಯೂ ಇಲ್ಲದೆ ಅಡುಗೆಮನೆಗೆ ಬರುತ್ತಿತ್ತು.

ಒಂದು ದಿನ ಚಿಕ್ಕಮ್ಮ ನಕ್ಕಳು. "ಅತ್ತಿ, ಅಂಥಾ ಹಾಡ ಇಲ್ರಿ. ನೀವ ಹುಟ್ಟಿಸಿಕೊಂಡೀರಿ." ಮರುದಿನದಿಂದ ರೊಟ್ಟಿ ಬಡಿಯುವ ಸದ್ದೊಂದೇ ಉಳಿಯಿತು. ಎಂಟು ದಿನ ನೋಡಿದೆ, ತಡೆಯಲಾಗಲಿಲ್ಲ.

ಹಿಂದೆ ಗುಟ್ಟಾಗಿ ಫೋನಿಗೆ ಹಿಡಿದಿಟ್ಟ ಅವಳ ಗುನುಗು ನನ್ನಲ್ಲಿತ್ತು. ಗುನುಗಿದರೆ ಹಾಡು ಹುಡುಕಿಕೊಡುವ ಆ್ಯಪು ಎರಡು ಭಜನೆ, ಒಂದು ಲಾಲಿಹಾಡು ತೋರಿಸಿ ಕೈತೊಳೆದುಕೊಂಡಿತು. ಗಂಗಾವತಿಯಲ್ಲಿ ಹಳೆಯ ಪ್ಲೇಟು ಕೂಡಿಟ್ಟ ರೇಡಿಯೋ ರಿಪೇರಿಯ ಕಾಕಾ ಇದ್ದರು. ಅವರ ಮುಂದೆ ಫೋನ್ ಇಟ್ಟೆ. ಮೂರು ಸಲದ ಜಾಗ ಬಂದಾಗ ಅವರು ಕಣ್ಣು ತೆರೆದರು.

"ಹಾಡಿನ್ಯಾಗ ಇದು ಹಿಂಗಿರಂಗಿಲ್ಲವ್ವಾ. ಪ್ಲೇಟಿಗೆ ಗೀರು ಬಿದ್ದೈತಿ. ಮುಳ್ಳು ಅಲ್ಲೇ ಸುತ್ತೈತಿ. ಯಾರೋ ಮುಂದಕ್ಕ ತಳ್ಳ್ಯಾರ, ಅದಕ್ಕ ಒಂದು ಸಾಲು ಹಾರೈತಿ."

ಸವೆದ ಪ್ಲೇಟೊಂದಕ್ಕೆ ಸುಣ್ಣದ ಚುಕ್ಕಿ ಇಟ್ಟು ಗ್ರಾಮಫೋನಿನ ಮೇಲೆ ತಿರುಗಿಸಿದರು. ಚುಕ್ಕಿ ಒಂದು ಸುತ್ತು ಬರುವಷ್ಟೇ ಹೊತ್ತು ಅಜ್ಜಿಯ ಒಂದು ತುಣುಕಿಗೆ. ಅರವತ್ತು ವರ್ಷದ ಮೇಲೂ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರಲಿಲ್ಲ. "ನಿಮ್ಮಜ್ಜಿ ಮಷೀನ್ ಇದ್ದಂಗ ಅದಾಳ" ಎಂದರು. ನನ್ನ ಎದೆ ಉಬ್ಬಿತು.

ಮೂರರಲ್ಲಿ ಎರಡನ್ನು ಬಿಟ್ಟು ಕಾಕಾ ತಾವೇ ಗುನುಗಿ ನೋಡಿದರು. ಆಮೇಲೆ ಪೆಟ್ಟಿಗೆಯಿಂದ ತೆಗೆದು ಹಚ್ಚಿದ ನಾಲ್ಕನೆಯ ಪ್ಲೇಟೇ ಅದು. ಸಿನಿಮಾದ ಹೆಸರು ಅವರಿಗೂ ಲೇಬಲ್ ಓದಿಯೇ ಗೊತ್ತಾಯಿತು.

ಅದನ್ನು ಫೋನಿಗೆ ಹಿಡಿದುಕೊಂಡು ಮನೆಗೆ ಬಂದು, ಚಿಕ್ಕಮ್ಮನೆದುರೇ ಅಜ್ಜಿಗೆ ಕೇಳಿಸಿದೆ. ಮೊದಲ ಸಾಲಿಗೆ ಅವಳ ಹಿಟ್ಟಿನ ಕೈ ನಿಂತಿತು. ಮೂರು ಸಲದ ಜಾಗದಲ್ಲಿ ಹಾಡು ಎಲ್ಲೂ ನಿಲ್ಲದೆ, ಅವಳೆಂದೂ ಕೇಳಿರದ ಸಾಲಿಗೆ ಹೋಯಿತು. ಅಜ್ಜಿ ಮುಖ ಗಂಟಿಕ್ಕಿದಳು.

"ಹಾಡು ಅದ ಐತಿ. ಆದ್ರ ಈಕಿ ತಪ್ಪು ಹಾಡ್ಯಾಳ. ಅಲ್ಲಿ ಮೂರು ಸಲ ಬರಬೇಕು."

ಗೀರಿನ ಕಥೆ ಹೇಳಿದೆ. ಗಂಭೀರವಾಗಿ ಕೇಳಿ, "ಇರಬಹುದು. ನಮ್ಮ ಟೆಂಟಿಂದು ಛಲೋ ಇತ್ತು" ಎಂದು ತೀರ್ಪು ಕೊಟ್ಟು, ಮುಂದಿನ ರೊಟ್ಟಿಗೆ ಗುನುಗತೊಡಗಿದಳು. ಚಿಕ್ಕಮ್ಮ ಒಲೆಗೆ ಕಟ್ಟಿಗೆ ಒಟ್ಟಿದಳು.

ಅಜ್ಜಿ ಹೋಗಿ ಎರಡು ವರ್ಷವಾಯಿತು. ಈಗ ಚಿಕ್ಕಮ್ಮ ರೊಟ್ಟಿ ಬಡಿಯುತ್ತಾಳೆ. ಆ ತುಣುಕು ಮೂರು ಸಲ ಬರುತ್ತದೆ.