ಅಂಟಿಸಿದ ಏಳು

ಸೀತಾಂಗೋಳಿಯ ಹತ್ತಿರದ ಖಾಸಗಿ ನರ್ಸಿಂಗ್ ಕಾಲೇಜೊಂದರ ಆಫೀಸಿನಲ್ಲಿ ನಾನು ಹಲವು ವರ್ಷ ಗುಮಾಸ್ತೆಯಾಗಿದ್ದೆ. ಪ್ರವೇಶದ ದಿನಗಳಲ್ಲಿ ಮಕ್ಕಳು ಆನ್‌ಲೈನಿನಲ್ಲಿ ಕಳಿಸಿದ ಅಂಕಪಟ್ಟಿಗಳನ್ನು ಒಂದೊಂದಾಗಿ ತೆರೆದು ನೋಡುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಕಂಡುಹಿಡಿದ ಒಂದು ತಪ್ಪು ಈಗಲೂ ನನ್ನನ್ನು ಬಿಟ್ಟಿಲ್ಲ.

ಕಾರಡ್ಕ ಕಡೆಯ ಹುಡುಗಿಯೊಬ್ಬಳ ಪ್ಲಸ್ ಟು ಅಂಕಪಟ್ಟಿ ಅದು. ಜೀವಶಾಸ್ತ್ರದಲ್ಲಿ ಇನ್ನೂರಕ್ಕೆ 178, ಗ್ರೇಡು ಎ. ಮುಂದೆ ಹೋಗುವವಳಿದ್ದೆ, ಆದರೆ ಆ ಏಳು ಕಣ್ಣಿಗೆ ಚುಚ್ಚಿತು. ಅದೇ ಹಾಳೆಯಲ್ಲಿದ್ದ ಬೇರೆ ಏಳುಗಳಿಗಿಂತ ದಪ್ಪ, ಸಾಲಿನಿಂದ ಒಂದು ಕೂದಲೆಳೆಯಷ್ಟು ಕೆಳಗೆ. ದೊಡ್ಡದು ಮಾಡಿದೆ. ಕಾಗದದ ಹಿನ್ನೆಲೆಯ ತೆಳು ಗೆರೆಗಳು ಆ ಅಂಕಿಯ ಸುತ್ತ ಮಾತ್ರ ಅಳಿಸಿಹೋಗಿ ಮಂಜು ಮುಸುಕಿದಂತಿತ್ತು. ಸ್ಕ್ಯಾನ್ ಕೆಟ್ಟದಾದರೆ ಎಲ್ಲ ಅಕ್ಷರಗಳ ಸುತ್ತಲೂ ಅಂಥ ಮಸುಕು ಬರುತ್ತದೆ. ಇಲ್ಲಿ ಎರಡೇ ಕಡೆ, ಅಂಕಿಯ ಬಳಿ ಮತ್ತು ಗ್ರೇಡಿನ ಬಳಿ. ಗ್ರೇಡಿನ ಮಗ್ಗುಲಲ್ಲೇ ನೇರಳೆ ಸೀಲು. ಶಾಯಿಯ ಸೀಲಾದರೆ ಕೆಳಗಿನ ಅಚ್ಚು ಅದರೊಳಗಿಂದ ಕಾಣಬೇಕು. ಇಲ್ಲಿ ಅಕ್ಷರಗಳು ಸೀಲಿನ ಅಂಚಿಗೆ ಬಂದು ಕತ್ತರಿಸಿದಂತೆ ನಿಂತಿದ್ದವು, ಸುತ್ತ ಬಿಳಿಚಿದ ಚೌಕ, ಸೀಲನ್ನೂ ತಂದು ಅಂಟಿಸಿದ ಹಾಗೆ. ಕೊನೆಗೆ ಎಲ್ಲ ವಿಷಯಗಳನ್ನು ಕೂಡಿಸಿದೆ. ಹಾಳೆಯಲ್ಲಿದ್ದ ಒಟ್ಟು ಮೊತ್ತಕ್ಕಿಂತ ನಲವತ್ತು ಹೆಚ್ಚು. ಮೊತ್ತ ತಿದ್ದಲು ಮರೆತಿದ್ದರು.

ಇಷ್ಟಾದರೂ ಅದು ಸಂಶಯ ಮಾತ್ರ. ಮೂಲಪ್ರತಿ ತರಲು ಹೇಳಿ ಕಳಿಸಿದೆ.

ಮರುದಿನ ಅಪ್ಪ, ಮಗಳು ಬಂದರು. ಅಪ್ಪ ಪಿಕಪ್ ಓಡಿಸುವವರು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಒರಿಜಿನಲ್ ಲ್ಯಾಮಿನೇಶನಿಗೆ ಕೊಟ್ಟಿದ್ದೇವೆ ಮೇಡಂ, ನಾಡಿದ್ದು ತರ್ತೇನೆ," ಎಂದರು.

"ಇಲ್ಲ ಅಪ್ಪಾ, ನಾನು ತಂದಿದ್ದೇನೆ. ಬ್ಯಾಗಿನಲ್ಲೇ ಉಂಟು." ಹುಡುಗಿ ನಗುತ್ತಾ ಪ್ಲಾಸ್ಟಿಕ್ ಫೈಲಿನಿಂದ ತೆಗೆದು ಮೇಜಿನ ಮೇಲಿಟ್ಟಳು.

138. ಗ್ರೇಡು ಬಿ.

ಆಗ ನಾನು ಅಪ್ಪನನ್ನು ಹೊರಗೆ ಕರೆದು ಮಾತಾಡಬಹುದಿತ್ತು. ಹಾಗೆ ಮಾಡಲಿಲ್ಲ. ಕಳ್ಳತನ ಹಿಡಿದ ಹೆಮ್ಮೆ ನನಗೆ. ಕಂಪ್ಯೂಟರಿನ ಪರದೆಯನ್ನು ಇಬ್ಬರ ಕಡೆಗೂ ತಿರುಗಿಸಿದೆ.

"ಇದು ಎಂತ?" ಎಂದು ಕೇಳಿದೆ.

ಹುಡುಗಿ ಬಗ್ಗಿ ನೋಡಿದಳು. ಅವಳ ಮುಖ ಪರದೆಯ ಗಾಜಿನಲ್ಲಿ, ಸರಿಯಾಗಿ ಆ ಅಂಕಗಳ ಮೇಲೆ ಮೂಡಿತ್ತು. ಮೊದಲು ಅವಳಿಗೆ ಅರ್ಥವಾಗಲಿಲ್ಲ. "ಇದು ನನ್ನದಲ್ಲ ಮೇಡಂ. ನನಗೆ ಇಷ್ಟು ಬಂದಿಲ್ಲ." ಆಮೇಲೆ ನಿಧಾನಕ್ಕೆ ಅಪ್ಪನ ಕಡೆ ತಿರುಗಿದಳು. "ಅರ್ಜಿ ಹಾಕಿದ್ದು ನೀವಲ್ವಾ?"

ಅವರು ನೆಲ ನೋಡುತ್ತಿದ್ದರು. "ಅಷ್ಟು ಮಾರ್ಕಿಗೆ ಸೀಟು ಸಿಗುವುದಿಲ್ಲ ಅಂತ ಎಲ್ಲರೂ ಹೇಳಿದರು ಮಗಾ. ಕಂಪ್ಯೂಟರ್ ಅಂಗಡಿಯವ ಮಾಡಿಕೊಟ್ಟ."

ಹುಡುಗಿ ಅಳಲಿಲ್ಲ. ಅಂಕಪಟ್ಟಿಯನ್ನು ಮಡಿಕೆ ಬೀಳದಂತೆ ಫೈಲಿಗೆ ಸೇರಿಸಿ, ಅಪ್ಪನಿಗಾಗಿ ಕಾಯದೆ ಮೆಟ್ಟಿಲಿಳಿದು ಹೋದಳು.

ಅವಳ ಅರ್ಜಿ ತಿರಸ್ಕೃತವಾಯಿತು. ಎರಡು ವಾರದ ನಂತರ ಆಯ್ಕೆಪಟ್ಟಿ ಸಿದ್ಧವಾಯಿತು. ಕೊನೆಯ ಸೀಟು ಸಿಕ್ಕಿದವಳ ಅಂಕ ನೋಡಿದೆ. ಆ ಹುಡುಗಿಯ ನಿಜವಾದ ಅಂಕ ಅದಕ್ಕಿಂತ ಹೆಚ್ಚಿತ್ತು. ಪ್ರಿನ್ಸಿಪಾಲರ ಹತ್ತಿರ ಓಡಿದೆ.

"ಪಾಪವೇ. ಆದರೆ ತಿದ್ದಿದ ಕಾಗದ ಕೊಟ್ಟ ಅರ್ಜಿಯನ್ನು ನಾನು ಹೇಗೆ ತೆಗೆದುಕೊಳ್ಳಲಿ?" ಎಂದರು ಅವರು.

ಆ ವರ್ಷವಿಡೀ ಯಾವ ಅಂಕಪಟ್ಟಿ ತೆರೆದರೂ ಗಾಜಿನಲ್ಲಿ ಆ ಮುಖ ಕಂಡಂತಾಗುತ್ತಿತ್ತು. ಪರದೆಯನ್ನು ಒರೆಸುತ್ತಿದ್ದೆ. ನನ್ನದೇ ಮುಖ ಕಾಣುತ್ತಿತ್ತು, ಆದರೂ ನಂಬಿಕೆ ಬರುತ್ತಿರಲಿಲ್ಲ.

ಮುಂದಿನ ವರ್ಷ ಅವಳ ಅರ್ಜಿ ಮತ್ತೆ ಬಂತು. 138, ಬಿ. ಯಾಕೆಂದು ಗೊತ್ತಿಲ್ಲ, ಅದನ್ನೂ ದೊಡ್ಡದು ಮಾಡಿ ಅಂಕಿ ಅಂಕಿಯ ಅಂಚು ನೋಡಿದೆ. ನಾಚಿಕೆಯಾಯಿತು. ಸೀಟು ಸಿಕ್ಕಿತು. ದಾಖಲಾತಿಗೆ ಅವಳು ಸೋದರಮಾವನ ಜೊತೆ ಬಂದಳು.

"ಅಪ್ಪ ಬರಲಿಲ್ವಾ?" ಎಂದು ಕೇಳಿಬಿಟ್ಟೆ.

"ಗೇಟಿನ ಹೊರಗೆ ಇದ್ದಾರೆ, ಗಾಡಿಯಲ್ಲಿ," ಎಂದಳು. ಫೈಲಿನಿಂದ ಕಾಗದಗಳನ್ನು ತೆಗೆಯುತ್ತಾ, "ನಾನು ಅವರ ಹತ್ತಿರ ಮಾತಾಡುವುದಿಲ್ಲ ಮೇಡಂ. ಆ ದಿನದಿಂದ."

ದಾಖಲಾತಿ ಫಾರಮಿನಲ್ಲಿ ಪೋಷಕರ ಸಹಿಗೆ ಬಿಟ್ಟ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಸೋದರಮಾವ ಪೆನ್ನು ಕೇಳಿದರು. ಕೊಟ್ಟೆ.