ರೂಪಾಲಿ ವೈನಿಯ ಅಂಗಡಿಯಿಂದ ಹೋಗುವ ದಾರಿ

ಮಿರಜದ ಮಾರುಕಟ್ಟೆಯಲ್ಲಿ ಕಲ್ಲಯ್ಯನವರ ಅರಿಷಿಣದ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ. "ವೈನಿ ಕಂಪ್ಯೂಟರ್ ಇಟಗೊಂಡ ಕುಂದ್ರತಾರಲ್ಲ, ಅದ ಏನ್ರಿ?" ಎಂದು ತಿರುಗಿ ಕೇಳುತ್ತಾರೆ. ಅಂಗಡಿ ಕಲ್ಲಯ್ಯನವರ ಅಪ್ಪನ ಕಾಲದ್ದು. ಹೆಸರು ಮಾತ್ರ ಈಗ ಊರಿಗೆಲ್ಲ 'ವೈನಿ', ಅಂದರೆ ಅತ್ತಿಗೆಯಾದ ಸೊಸೆ ರೂಪಾಲಿಯ ಪಾಲಾಗಿದೆ.

ಇದೆಲ್ಲ ಅವಳ ತಂಗಿ ಪ್ರಣಿತಾಳಿಂದ ಶುರುವಾಯಿತು. ಸಿಂಗಾಪುರದಲ್ಲಿದ್ದ ಪ್ರಣಿತಾಗೆ ತನ್ನ ಮದುವೆ ನೋಂದಣಿಯ ದಾಖಲೆ ಬೇಕಿತ್ತು. ಸರಕಾರದ ಪೋರ್ಟಲ್ ತೆರೆದರೆ ಬಿಳಿ ಪುಟ. ಕಾರಣವಿಲ್ಲ, ಕ್ಷಮೆಯಿಲ್ಲ. ಅದೇ ಪೋರ್ಟಲ್ ಮಿರಜದಲ್ಲಿ ಥಟ್ಟನೆ ತೆರೆಯುತ್ತಿತ್ತು. ರೂಪಾಲಿ ಕೇಳಿ, ಓದಿ, ನಾಲ್ಕು ಕಡೆ ಎಡವಿ ಅದರ ಕಾರಣವನ್ನೂ ಉಪಾಯವನ್ನೂ ತಿಳಿದುಕೊಂಡಳು. ಆಮೇಲೆ ತನಗೆ ತಿಳಿದದ್ದನ್ನು ಊರವರಿಗೆ ತಿಳಿಯುವ ಹಾಗೆ ಹೇಳತೊಡಗಿದಳು.

"ಬಾಗಲದಾಗ ಒಬ್ಬ ಕಾವಲುಗಾರ ನಿಂತಾನ ಅಂತ ತಿಳ್ಕೋರಿ. ಅಂವಾ ನಿಮ್ಮ ಮಾರಿ ನೋಡಾಂಗಿಲ್ಲ, ಯಾವ ದಾರಿಲೆ ಬಂದೀರಿ ಅದನ್ನ ನೋಡತಾನ. ಹೊರದೇಶದ ದಾರಿ ಅಂದ್ರ ಬಾಗಲಾ ಮುಚ್ಚತಾನ. ನೀವು ಇಲ್ಲೇ ಹುಟ್ಟಿದವರಾದ್ರೂ ಅಷ್ಟ. ವಿಪಿಎನ್ ಅಂದ್ರ ಮೊದಲ ಭಾರತದ ಒಂದು ಮನಿಗೆ ಬಂದು, ಆ ಮನಿ ಬಾಗಲದಿಂದ ಹೊರಬಿದ್ದು, ಅಲ್ಲಿ ಹೋಗೂದು."

ಆ 'ಮನಿ'ಯನ್ನು ಅವಳು ಅಂಗಡಿಯ ಹಿಂದಿನ ಕೋಣೆಯಲ್ಲಿಯೇ ಮಾಡಿಕೊಂಡಳು. ಗಂಡ ಕಿಶೋರ ಮೂಲೆಗೆಸೆದಿದ್ದ ಹಳೆಯ ಲ್ಯಾಪ್‌ಟಾಪನ್ನು ಅಂಗಡಿಯ ಬ್ರಾಡ್‌ಬ್ಯಾಂಡಿಗೆ ಕಟ್ಟಿ, ಪರದೇಶದಲ್ಲಿರುವ ಪರಿಚಯದವರು ತಮ್ಮ ಫೋನಿನ ಆ್ಯಪಿನಿಂದ ಅದರ ಮೂಲಕ ಹಾಯ್ದುಹೋಗುವಂತೆ ಮಾಡಿದಳು. ಅವರು ಎಲ್ಲೇ ಕುಳಿತಿರಲಿ, ಪೋರ್ಟಲಿನ ಕಣ್ಣಿಗೆ ಮಿರಜದ ಅಂಗಡಿಯಿಂದ ಬಂದವರು.

"ಪರದೇಶದ ಮಂದಿ ನಮ್ಮ ಅಂಗಡ್ಯಾಗಿಂದ ಹಾಯ್ದ ಹೋಗ್ತಾರ, ಒಬ್ಬರರೆ ಪಾವ್ ಕಿಲೋ ಅರಿಷಿಣ ತಗೋತಾರೇನ?" ಎಂದು ಕಿಶೋರ ಚೇಷ್ಟೆ ಮಾಡುತ್ತಿದ್ದ.

ಅತ್ತೆ ಸರುಬಾಯಿಗೆ ಬೇರೆಯೇ ಚಿಂತೆ. "ಕರೆಂಟ್ ಹೋದ್ರ ನನ್ನ ಫ್ಯಾನ್ ಬಂದ್ ಇಡತೀ, ಆ ಡಬ್ಬಿಗೆ ಇನ್ವರ್ಟರ್ ಹಚ್ಚತೀ. ಅದೇನ ನಿನ್ನ ಹಡದವ್ವ ಏನ?"

ಯಾರಾದರೂ ಕೇಳಿದರೆ ರೂಪಾಲಿ ಒಂದು ಧ್ವನಿಸಂದೇಶ ಕಳಿಸುತ್ತಿದ್ದಳು. ಫುಕಟ ವಿಪಿಎನ್ ಹಾಕಬ್ಯಾಡ್ರಿ, ಅದು ಯಾರದೋ, ನೀವು ಎಲ್ಲೆಲ್ಲಿ ಹೋಗ್ತೀರಿ ಅಂತ ನೋಡತದ. ರೊಕ್ಕಾ ಕೊಟ್ಟ ತಗೊಂಡದ್ದು ಛಲೋ, ಆದ್ರ ಸರಕಾರ ಗಿರಾಕಿಗಳ ಹೆಸರು-ವಿವರ ಇಡ್ರಿ ಅಂದ ಮ್ಯಾಲೆ ಭಾಳ ಕಂಪನಿಯವರು ತಮ್ಮ ಮಶೀನ್ ಇಲ್ಲಿಂದ ತಗದ್ರು. ಭಾರತದ ವಿಳಾಸ ತೋರಸತಾರ, ಮಶೀನ್ ಬ್ಯಾರೆ ದೇಶದಾಗ ಇರತದ. ಕೆಲವು ಪೋರ್ಟಲ್ ಅಂಥಾ ವಿಳಾಸ ಗುರುತ ಹಿಡದು ಬಾಗಲಾ ಹಾಕತಾವ. ಇರೋ ದೇಶದ ಕಾಯ್ದೆ ಮೊದಲ ಕೇಳ್ಕೋರಿ. ಕೆಲಸ ಮುಗದ ಕೂಡಲೆ ಬಂದ್ ಮಾಡ್ರಿ, ಅದನ್ನ ಹಚ್ಚಿಟ್ಟು ಬ್ಯಾಂಕಿನ ಆ್ಯಪಿಗೆ ಹೋಗಬ್ಯಾಡ್ರಿ. ಕಡೆಗೆ, ಯಾವಾಗಲೂ, ಅದೇ ಮಾತು: "ಓಟಿಪಿ ಅಂದ್ರ ನಿಮ್ಮ ಸಹಿ ಇದ್ದಂಗ. ಯಾರಿಗೂ ಹೇಳಬ್ಯಾಡ್ರಿ. ನನಗೂ ಹೇಳಬ್ಯಾಡ್ರಿ."

ಎಲ್ಲರನ್ನೂ ತನ್ನ ದಾರಿಗೆ ಬಿಡುತ್ತಿರಲಿಲ್ಲ ಅವಳು. ಗುರುತಿಲ್ಲದವನು ಆ ದಾರಿಯಲ್ಲಿ ಏನಾದರೂ ಕೆಟ್ಟದ್ದು ಮಾಡಿದರೆ ಪೊಲೀಸರು ಬರುವುದು ಕಲ್ಲಯ್ಯನವರ ಬಾಗಿಲಿಗೆ. ಆ ಎಚ್ಚರ ಅವಳಿಗಿತ್ತು.

ಒಂದು ದಿನ ಮಧ್ಯಾಹ್ನ ತಂಗೆವ್ವ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಅಥಣಿ ಕಡೆಯಿಂದ ಕೂಲಿಗೆ ಬಂದು ಇಲ್ಲೇ ನೆಲೆನಿಂತ ಹೆಂಗಸು, ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಾಳು ಆರಿಸುವ ಕೆಲಸ. ದ್ರಾಕ್ಷಿಗೆ ಕೊಡುವ ಗಂಧಕದ ಹೊಗೆ ಎದೆಗಿಳಿದು, ಮಾತಿಗೊಮ್ಮೆ ಕೆಮ್ಮು. ಶೆಡ್ಡು ಬಿಡಬೇಕೆಂದು ಡಾಕ್ಟರು ಹೇಳಿದ್ದರು. ಮಗಳು ಮಯೂರಿ ಮಿರಜದಲ್ಲೇ ನರ್ಸಿಂಗ್ ಕಲಿತು ಕುವೈತಿನ ಆಸ್ಪತ್ರೆ ಸೇರಿದ್ದಳು. ಹೊಸ ಕರಾರು ಆದದ್ದೇ ಅವ್ವನನ್ನು ಶೆಡ್ಡಿನಿಂದ ಬಿಡಿಸುವುದೆಂದು ತಾಯಿ-ಮಗಳ ನಡುವೆ ಮಾತಾಗಿತ್ತು.

"ಒಳಗ ಬಾ, ಮೆಟ್ಟಲ ಮ್ಯಾಲ ಯಾಕ? ನಿನ್ನ ಕೆಮ್ಮಿಗೆ ಗಿರಾಕಿ ಓಡಿ ಹೋಗ್ತಾವ," ಎಂದಳು ಸರುಬಾಯಿ. ಬೈಗುಳವೋ ಉಪಚಾರವೋ ತಿಳಿಯದಂತೆ ಮಾತಾಡುವುದು ಅವಳ ರೀತಿ. ಬಿಸಿನೀರಿಗೆ ಅರಿಷಿಣ ಹಾಕಿ ಕೊಟ್ಟವಳೂ ಅವಳೇ.

"ವೈನಿ, ನಮ್ಮ ಮಯೂಂದು ಏನೋ ಅಡಕೊಂಡೈತ್ರಿ," ಎಂದಳು ತಂಗೆವ್ವ. "ನೀವ ಮಾತಾಡ್ರಿ. ನನಗ ತಿಳ್ಯಾಂಗಿಲ್ಲ."

ರೂಪಾಲಿ ಮಯೂರಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಮಯೂರಿಯ ಕನ್ನಡದಲ್ಲಿ ಅರ್ಧ ಮರಾಠಿ. ಮಹಾರಾಷ್ಟ್ರ ರಾಜ್ಯದ ನರ್ಸಿಂಗ್ ನೋಂದಣಿಯನ್ನು ಅವಳು ನವೀಕರಿಸಬೇಕಿತ್ತು. ನವೀಕರಿಸಿದ ಪತ್ರವಿಲ್ಲದೆ ಆಸ್ಪತ್ರೆ ಹೊಸ ಕರಾರಿಗೆ ಸಹಿ ಹಾಕುವುದಿಲ್ಲ. ಹಳೆಯ ಕರಾರು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ನೋಂದಣಿಯ ಪೋರ್ಟಲ್ ಕುವೈತಿನಿಂದ ತೆರೆಯಲೇ ಇಲ್ಲ.

"ಮತ್ತ ಏನ ಮಾಡಿದಿ?"

"ರೂಮಿನಾಕಿ ಕಡೆ ಒಂದು ಫ್ರೀ ಆ್ಯಪ್ ಇತ್ರಿ ವೈನಿ. ಅದನ್ನ ಹಾಕ್ಕೊಂಡೆ. ಓಪನ್ ಝಾಲಂ, ಖರೇನ ಓಪನ್ ಆತು! ಅರ್ಧಾ ಫಾರ್ಮ್ ತುಂಬೀನಿ, ಆ್ಯಪ್ ಕಟ್ ಆತು. ಮತ್ತ ಹಚ್ಚಿದೆ, ಬ್ಯಾರೆ ಊರಿಂದ ಬಂದಂಗ ತೋರಿಸ್ತು. ಪೋರ್ಟಲ್ ಹೊರಗ ಹಾಕ್ತು. ಮತ್ತ ಲಾಗಿನ್, ಮತ್ತ ಹೊರಗ. ಗಡಿಬಿಡಿಯೊಳಗ ಪಾಸ್‌ವರ್ಡ್ ಬ್ಯಾರೆ ತಪ್ಪಿತು. ಈಗ ಖಾತೆ ಲಾಕ್ ಅಂತದ."

ರೂಪಾಲಿ ಹಣೆ ಒತ್ತಿಕೊಂಡಳು. "ನನಗ ಮೊದಲ ಯಾಕ ಹೇಳ್ಲಿಲ್ಲ ಹುಡುಗಿ?"

"ನೀವು ದೊಡ್ಡ ಮಂದಿ. ಅವ್ವ ನಿಮ್ಮ ಮೆಟ್ಟಲಕ ಬಂದ ಕುಂದ್ರೂದು ಬ್ಯಾಡಾಗಿತ್ತು."

ಎದುರಿಗೆ ತಂಗೆವ್ವ ಲೋಟದ ಮೇಲೆ ದೃಷ್ಟಿ ನೆಟ್ಟಿದ್ದಳು. ಸರುಬಾಯಿ ಬೇರೆ ಕಡೆ ನೋಡಿದಳು.

ರೂಪಾಲಿ ಆ ಫ್ರೀ ಆ್ಯಪನ್ನು ತೆಗೆಸಿದಳು. ತನ್ನ ದಾರಿಗೆ ಮಯೂರಿಯನ್ನು ಸೇರಿಸಿಕೊಂಡು, ಆ್ಯಪಿನಲ್ಲಿ ಮಿರಜದ ಲ್ಯಾಪ್‌ಟಾಪನ್ನು ಆರಿಸಲು ಹೇಳಿದಳು. ಎಲ್ಲರೂ ಫೋನಿನತ್ತ ಬಾಗಿದರು.

"ಆತ್ರಿ! ಓಪನ್ ಆತು! ವೈನಿ, ಎಷ್ಟ ಲಗೂ ಓಪನ್ ಆತು!"

ತಂಗೆವ್ವ ಕೈಮುಗಿದಳು, ಲ್ಯಾಪ್‌ಟಾಪಿಗೇ. ಕಿಶೋರ ನಕ್ಕ. ಎಷ್ಟೋ ದಿನಗಳ ಮೇಲೆ ಆ ತಾಯಿಯ ಮುಖ ಸಡಿಲಾದದ್ದು ಆಗಲೇ.

ಬಾಗಿಲು ತೆರೆಯಿತು ನಿಜ. ಒಳಗಿನ ಬೀಗ ಹಾಗೇ ಇತ್ತು. ಲಾಕಾದ ಖಾತೆ ಬಿಚ್ಚಲು ನೋಂದಾಯಿತ ಮೊಬೈಲಿಗೆ ಓಟಿಪಿ ಹೋಗುತ್ತದೆ ಎಂದು ಪೋರ್ಟಲ್ ಹೇಳಿತು. ಇಲ್ಲಿಯ ತನಕ ಪಾಸ್‌ವರ್ಡಿನಿಂದಲೇ ಒಳಹೋಗುತ್ತಿದ್ದ ಮಯೂರಿಗೆ ಆ ನಂಬರಿನ ಅಗತ್ಯವೇ ಬಿದ್ದಿರಲಿಲ್ಲ. ಕಾಣುತ್ತಿದ್ದದ್ದು ಕೊನೆಯ ನಾಲ್ಕು ಅಂಕಿ ಮಾತ್ರ. ಅವಳು ಓದಿದಳು. ಅವು ಅವಳ ನಂಬರಿನವಲ್ಲ.

ತಂಗೆವ್ವ ತಟ್ಟನೆ ಇಡೀ ನಂಬರನ್ನು ಬಾಯಿಪಾಠ ಹೇಳಿಬಿಟ್ಟಳು. "ನಮ್ಮ ಕೂಲಿ ಮೇಸ್ತ್ರಿ ಗಂಗಾರಾಮ ಮುಕಾದಮಂದು ಅದು. ಆಗ ನಮ್ಮ ಗಲ್ಲಿಗೆಲ್ಲ ಒಂದ ಫೋನ್. ಸಾಲ್ಯಾಗ ಕೇಳಿದ್ರೂ ಅದ, ದವಾಖಾನ್ಯಾಗ ಕೇಳಿದ್ರೂ ಅದ. ಎಲ್ಲಾರೂ ಮುಕಾದಮನ ನಂಬರ್ ಬರಸ್ತಿದ್ವಿ."

"ಮುಕಾದಮ ಎಲ್ಲಿದಾನ ಈಗ?"

"ಸತ್ತ ಹೋದ. ಕೊರೊನಾದಾಗ."

ಬಳಕೆಯಿಲ್ಲದ ನಂಬರನ್ನು ಕಂಪನಿಯವರು ಕೆಲ ಕಾಲ ಬಿಟ್ಟು ಬೇರೆಯವರಿಗೆ ಕೊಡುತ್ತಾರೆ. ರೂಪಾಲಿಗೆ ಗೊತ್ತಿತ್ತು. ಆದರೂ ಹಚ್ಚಿದಳು. ರಿಂಗಾಯಿತು! ನಾಂದೇಡ ಕಡೆಯ ಒಬ್ಬ ಮನುಷ್ಯ ಎತ್ತಿದ. ರೂಪಾಲಿ ಮರಾಠಿಯಲ್ಲಿ ಸಮಾಧಾನದಿಂದ ಎಲ್ಲ ಹೇಳಿದಳು: ಹುಡುಗಿ ಪರದೇಶದಲ್ಲಿದ್ದಾಳೆ, ಹಳೆಯ ನಂಬರು, ಒಂದು ಸಂದೇಶ ಬರುತ್ತದೆ, ಆರು ಅಂಕಿ, ಅಷ್ಟು ಹೇಳಿದರೆ ಪುಣ್ಯ ಬರುತ್ತದೆ. ಹೇಳುತ್ತ ಹೇಳುತ್ತ ಅವಳ ದನಿ ತಾನೇ ಕುಗ್ಗಿತು. ಮೋಸಗಾರರು ಹೇಳುವುದೂ ಇದೇ ಮಾತು, ಇದೇ ವರಸೆಯಲ್ಲಿ.

"ಕಾಯ ತಾಈ, ಮಲಾ ಫಸವತಾ ಕಾ?" ಎಂದ ಆತ. ಏನಕ್ಕಾ, ನನಗೇ ಮೋಸ ಮಾಡ್ತೀರೇನು ಎಂದು. ಸಿಟ್ಟೇನೂ ಇರಲಿಲ್ಲ. ಓಟಿಪಿ ಯಾರಿಗೂ ಹೇಳಬಾರದೆಂದು ತನ್ನ ಮಗಳು ಹೇಳಿಕೊಟ್ಟಿದ್ದಾಳೆ ಎಂದ.

ತಂಗೆವ್ವ ಫೋನ್ ಇಸಿದುಕೊಂಡಳು. ಅವಳ ಮರಾಠಿ ಕೂಲಿಯ ಮರಾಠಿ. "ದಾದಾ, ನನ್ನ ಮಗಳ ಕೆಲಸ ಹೋಗತೈತಿ," ಎಂದಿಷ್ಟು ಹೇಳುವುದರೊಳಗೆ ಕೆಮ್ಮು ಒತ್ತಿಬಂತು. ಕೆಮ್ಮು ನಿಲ್ಲುವಷ್ಟರಲ್ಲಿ ಫೋನ್ ಕಟ್ ಆಗಿತ್ತು. ಮತ್ತೆ ಹಚ್ಚಿದರೆ ಹೋಗಲಿಲ್ಲ. ಆತ ಬ್ಲಾಕ್ ಮಾಡಿದ್ದ.

"ಹಾಟ್ಯಾ!" ಎಂದು ಸರುಬಾಯಿ ಆ ಕಾಣದ ಮನುಷ್ಯನನ್ನು ಬೈದಳು. "ಆರ ಅಂಕಿ ಹೇಳಾಕ ಅಂವನ ಗಂಟ ಏನ ಹೋಗತಿತ್ತು?"

"ಅಂವಾ ಮಾಡಿದ್ದ ಬರೋಬರಿ ಐತ್ರಿ ಅತ್ತಿ," ಎಂದಳು ರೂಪಾಲಿ. ಅದನ್ನು ಹೇಳಿ ಅವಳು ಮುಖ ತಿರುಗಿಸಿದಳು.

ನಂಬರು ಬದಲಿಸಲು ಪೋರ್ಟಲಿನಲ್ಲಿ ಒಂದು ಗುಂಡಿಯಿತ್ತು. ಒತ್ತಿದರೆ ಹಳೆಯ ನಂಬರಿಗೇ ಓಟಿಪಿ. ಸಹಾಯವಾಣಿಗೆ ಫೋನ್ ಮಾಡಿದರೆ, ನೋಂದಾಯಿತರು ಮೂಲ ಕಾಗದಗಳೊಡನೆ ತಾವೇ ಮುಂಬಯಿಯ ಕಚೇರಿಗೆ ಬರಬೇಕೆಂದರು. ತಾಯಿ ಬಂದರೆ ಆದೀತೇ? ಆಗದು. ರಾಯಭಾರ ಕಚೇರಿಯ ಸಹಿ ಹಾಕಿಸಿದ ಅರ್ಜಿಯನ್ನು ಮಯೂರಿ ಟಪಾಲಿನಲ್ಲಿ ಕಳಿಸಿದಳು. ತಲುಪಿತೆಂಬ ಸುದ್ದಿ ಬಂತು, ಉತ್ತರ ಬರಲಿಲ್ಲ. ಆಸ್ಪತ್ರೆಯಲ್ಲಿ ರಜೆ ಕೇಳಿದರೆ, ಕರಾರು ಮುಗಿಯುವ ತಿಂಗಳಲ್ಲಿ ರಜೆಯಿಲ್ಲ ಎಂದರು. ರೂಪಾಲಿಯ ದಾರಿ ಮಾತ್ರ ಅಷ್ಟೂ ದಿನ ತೆರೆದೇ ಇತ್ತು. ಮಯೂರಿ ದಿನಾ ಅದರಿಂದ ಬಂದು ಆ ಪುಟದ ಮುಂದೆ ನಿಂತು ಹೋಗುತ್ತಿದ್ದಳು. ಲ್ಯಾಪ್‌ಟಾಪಿನ ಮೇಲೆ ಅವಳ ಫೋನಿನ ಹೆಸರು ಮೂಡುವುದು, ಆರುವುದು. ಕೆಲಸವಿಲ್ಲದೆ ಹಚ್ಚಬ್ಯಾಡ ಎನ್ನಲು ರೂಪಾಲಿಗೆ ಬಾಯಿ ಬರಲಿಲ್ಲ.

ಕರಾರು ಮುಗಿಯಿತು. ಮಯೂರಿ ಚೀಲ ಕಟ್ಟಿಕೊಂಡು ಬಂದಳು. ಮುಂಬಯಿಯ ಕಚೇರಿಗೆ ರೂಪಾಲಿಯೂ ಜೊತೆಗೆ ಹೋದಳು. ಕಿಟಕಿಯಲ್ಲಿದ್ದ ಹೆಂಗಸು ಆಧಾರ್ ನೋಡಿ, ಮುಖ ನೋಡಿ, ನಂಬರು ಬದಲಿಸಿ ಕೊಟ್ಟಳು. ಅಷ್ಟೇ ಕೆಲಸ. ನವೀಕರಣದ ಪತ್ರವೂ ಕೆಲವೇ ದಿನಗಳಲ್ಲಿ ಬಂತು. ಮಯೂರಿ ಅದರ ಚಿತ್ರವನ್ನು ಕುವೈತಿಗೆ ಕಳಿಸಿದಳು. ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಂಡಾಗಿದೆ, ಶುಭವಾಗಲಿ, ಎಂದು ಉತ್ತರ ಬಂತು.

ಈಗ ಅವಳು ಸಾಂಗಲಿಯ ಒಂದು ಖಾಸಗಿ ದವಾಖಾನೆಯಲ್ಲಿ ಪಾಳಿ ಮಾಡುತ್ತಾಳೆ. ಅವಳ ಪಗಾರ ಕೋಣೆಯ ಬಾಡಿಗೆಗೂ ತಾಯಿಯ ಔಷಧಕ್ಕೂ ಸರಿಹೋಗುತ್ತದೆ, ಮೇಲೆ ಏನೂ ಉಳಿಯುವುದಿಲ್ಲ. ರೂಪಾಲಿ ತನ್ನ ಧ್ವನಿಸಂದೇಶಕ್ಕೆ ಹೊಸ ಮಾತೊಂದನ್ನು ಎಲ್ಲಕ್ಕಿಂತ ಮೊದಲು ಸೇರಿಸಿದ್ದಾಳೆ: ದಾರಿ ಆಮ್ಯಾಲೆ, ಯಾರ ನಂಬರ್ ಬರಸೀರಿ ಅದನ್ನ ಮೊದಲ ನೋಡ್ಕೋರಿ, ಊರಿಗೆ ಬಂದಾಗ ಬದಲಿ ಮಾಡಸ್ರಿ. ಜನ ಕೇಳಿ 'ಹ್ಞೂಂ' ಎನ್ನುತ್ತಾರೆ. ಬಿಳಿ ಪುಟ ಕಾಣುವ ತನಕ ಯಾರೂ ನೋಡುವುದಿಲ್ಲ.

ಮೊನ್ನೆ ಶೆಡ್ಡಿಗೆ ಹೋಗುವ ಶೇರ್ ಆಟೋ ಅಂಗಡಿಯ ಮುಂದೆ ನಿಂತಾಗ ಹತ್ತಲು ನಿಂತಿದ್ದ ತಂಗೆವ್ವನನ್ನು ರೂಪಾಲಿ ಕಂಡಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು.

"ತಂಗೆವ್ವ ಮಾವಶಿ, ಡಾಕ್ಟರ್ ಬ್ಯಾಡ ಅಂದಾರಲ್ರಿ. ಶೆಡ್ ಬಿಡ್ರಿ."

"ಬಿಟ್ಟ ಏನ ಮಾಡ್ಲಿ ವೈನಿ?" ಎಂದಳು ತಂಗೆವ್ವ.

ಆಟೋದೊಳಗಿದ್ದ ಹೆಂಗಸರು ಒತ್ತರಿಸಿ ಜಾಗ ಮಾಡಿಕೊಟ್ಟರು. ತಂಗೆವ್ವ ಹತ್ತಿ ಕುಳಿತಳು. ಆಟೋ ಹೋಯಿತು.